ಬಸ್ ಚಾಲಕ ಕೈ ಬೀಸಿದರು: ಬಿ.ಎಚ್. ರಸ್ತೆಯ ಒಂದು ಬಲತಿರುವಿನ ಪ್ರಕರಣ

ಕಳೆದ ವರ್ಷ ಕಾರ್ತಿಕ ಮಾಸದ ಒಂದು ಶನಿವಾರ ಬೆಳಿಗ್ಗೆ ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಒಂದು ಅಪಘಾತವಾಯಿತು. ಪತ್ರಿಕೆಯ ಮೂಲೆಯಲ್ಲಿಯೂ ಜಾಗ ಸಿಗದಷ್ಟು ಸಣ್ಣದು. ಹೊಲಿಗೆ ಅಂಗಡಿ ನಡೆಸುವ ಒಬ್ಬ ಹೆಣ್ಣುಮಗಳ ಬಲ ಮುಂಗೈ ಮೂಳೆ ಮುರಿಯಿತು. ಒಂದು ಹಳೆಯ ಕಾರಿನ ಎಡಭಾಗ ಒಳಕ್ಕೆ ಹೋಯಿತು. ಕಾರು ಓಡಿಸುತ್ತಿದ್ದ ಹುಡುಗನಿಗೆ ಇಪ್ಪತ್ತು ವರ್ಷ. ಅವನು ಪರವಾನಗಿ ಪಡೆದು ನಾಲ್ಕು ತಿಂಗಳಾಗಿತ್ತು. ಅವನಿಗೆ ಕಾರು ಓಡಿಸುವುದನ್ನು ಕಲಿಸಿದವನು ನಾನು.

ಹದಿನೇಳು ವರ್ಷದಿಂದ ಈ ಊರಿನಲ್ಲಿ ಚಾಲನೆ ಕಲಿಸುತ್ತಿದ್ದೇನೆ. ನನ್ನ ಬಳಿ ಕಲಿತವರಿಗೆ ಅಪಘಾತವಾದ ಸುದ್ದಿ ಇದಕ್ಕೆ ಮೊದಲೂ ಬಂದಿತ್ತು. ಆದರೆ ಈ ಒಂದು ಪ್ರಕರಣವನ್ನು ನಾನು ಮೂರು ತಿಂಗಳು ಬಿಡದೆ ಬಿಡಿಸಿ ನೋಡಿದೆ. ಕಾರಣವಿದೆ. ಹುಡುಗ ವೇಗವಾಗಿ ಹೋಗಿರಲಿಲ್ಲ, ಮೊಬೈಲ್ ನೋಡುತ್ತಿರಲಿಲ್ಲ, ಕೆಂಪು ದೀಪ ದಾಟಿರಲಿಲ್ಲ. ಅವನು ನಿಂತಿದ್ದ, ಕಾದಿದ್ದ, ಎದುರಿನವರು "ಹೋಗು" ಎಂದ ಮೇಲೆಯೇ ಹೊರಟಿದ್ದ. ಆದರೂ ತಪ್ಪು ಅವನದೇ ಆಯಿತು. ಇದು ಹೇಗಾಯಿತು ಎಂದು ಅವನಿಗೆ ಅರ್ಥವಾಗಲಿಲ್ಲ. ಮೊದಲ ದಿನ ನನಗೂ ಪೂರ್ತಿಯಾಗಿ ಅರ್ಥವಾಗಲಿಲ್ಲ.

ಅಂದು ಬೆಳಿಗ್ಗೆ

ಹುಡುಗನ ಮನೆ ಬಟವಾಡಿಯ ಕಡೆ. ತಂದೆಗೆ ಮಂಡಿಪೇಟೆಯಲ್ಲಿ ಸಣ್ಣ ದಿನಸಿ ಅಂಗಡಿ. ಅತ್ತೆಯ ಮನೆಯಲ್ಲಿದ್ದ ಅಜ್ಜಿಯನ್ನು ಕಣ್ಣಿನ ತಪಾಸಣೆಗೆ ಕರೆದೊಯ್ಯಲು ಬೆಳಿಗ್ಗೆ ಎಂಟೂವರೆಗೆ ಹೊರಟ. ಬಿ.ಎಚ್. ರಸ್ತೆಯೆಂದರೆ ಬೆಂಗಳೂರು–ಹೊನ್ನಾವರ ರಸ್ತೆ. ಊರಿನ ಬೆನ್ನೆಲುಬಿನಂತೆ ನಡುವೆ ಹಾದುಹೋಗುತ್ತದೆ. ಹುಡುಗ ಊರಿನೊಳಕ್ಕೆ ಹೋಗುತ್ತಿದ್ದ. ರಸ್ತೆ ವಿಭಜಕದ ಒಂದು ಬಿಡುವಿನಲ್ಲಿ ಬಲಕ್ಕೆ ತಿರುಗಿ, ಎದುರು ದಿಕ್ಕಿನ ಎರಡು ಸಾಲುಗಳನ್ನು ದಾಟಿ ಅಡ್ಡರಸ್ತೆಗೆ ಇಳಿಯಬೇಕಿತ್ತು. ಅಲ್ಲಿ ಸಿಗ್ನಲ್ ಇಲ್ಲ, ಆ ಹೊತ್ತಿನಲ್ಲಿ ಪೊಲೀಸರೂ ಇರಲಿಲ್ಲ.

ಅವನು ಬಲಗಡೆಯ ಇಂಡಿಕೇಟರ್ ಹಾಕಿ ಬಿಡುವಿನಲ್ಲಿ ನಿಂತ. ಎದುರಿನಿಂದ ವಾಹನಗಳು ಬರುತ್ತಲೇ ಇದ್ದವು. ಹಿಂದೆ ಒಂದು ಆಟೊ ಬಂದು ನಿಂತು ಹಾರ್ನ್ ಹೊಡೆಯತೊಡಗಿತು. ಅಷ್ಟರಲ್ಲಿ ಎದುರಿನಿಂದ ಬಂದ ಒಂದು ಬಸ್ಸು, ಮುಂದೆ ವಾಹನಗಳು ಗಂಟುಬಿದ್ದಿದ್ದರಿಂದ, ವಿಭಜಕದ ಪಕ್ಕದ ಸಾಲಿನಲ್ಲಿ ಬಿಡುವಿಗಿಂತ ಒಂದು ಮೀಟರ್ ಮೊದಲೇ ನಿಂತಿತು. ಚಾಲಕರು ಹುಡುಗನನ್ನು ನೋಡಿ, ಬಲಗೈಯನ್ನು ಕಿಟಕಿಯಿಂದ ಹೊರಗೆ ಚಾಚಿ, ಹೋಗಪ್ಪಾ ಎಂಬಂತೆ ಬೀಸಿದರು. ಹುಡುಗ ಕೈ ಎತ್ತಿ ನಮಸ್ಕರಿಸಿ ಹೊರಟ.

ಬಸ್ಸಿನ ಎಡಬದಿಯ ಸಾಲು ಖಾಲಿ ಇತ್ತು. ಅದರಲ್ಲಿ ಆ ಹೆಣ್ಣುಮಗಳ ಸ್ಕೂಟರ್ ಬರುತ್ತಿತ್ತು.

ಎಂಟು ಸೆಕೆಂಡ್

ಅಡ್ಡರಸ್ತೆಯ ಮೂಲೆಯಲ್ಲಿರುವ ಅಂಗಡಿಯೊಂದರ ಸಿಸಿಟಿವಿ ಕ್ಯಾಮೆರಾದಲ್ಲಿ ಇಡೀ ಘಟನೆ ದಾಖಲಾಗಿದೆ. ಅಂಗಡಿಯವರು ಪರಿಚಿತರು. ನನಗೂ ಹುಡುಗನಿಗೂ ಅದನ್ನು ಹತ್ತಾರು ಬಾರಿ ನಿಲ್ಲಿಸಿ ನಿಲ್ಲಿಸಿ ತೋರಿಸಿದರು. ಬಸ್ಸು ನಿಂತ ಕ್ಷಣವನ್ನು ಸೊನ್ನೆ ಎಂದು ಹಿಡಿದರೆ, ಎರಡನೇ ಸೆಕೆಂಡಿಗೆ ಚಾಲಕರ ಕೈ ಹೊರಗೆ ಬರುತ್ತದೆ. ನಾಲ್ಕನೇ ಸೆಕೆಂಡಿಗೆ ಕಾರು ಕದಲುತ್ತದೆ. ಆರೂವರೆಗೆ ಕಾರಿನ ಮೂತಿ ಬಸ್ಸಿನ ಎಡ ಮೂಲೆಯಿಂದ ಆಚೆಗೆ ಕಾಣಿಸಿಕೊಳ್ಳುತ್ತದೆ. ಅದಾಗಿ ಒಂದು ಸೆಕೆಂಡ್ ತುಂಬುವ ಮೊದಲೇ ಸ್ಕೂಟರ್ ಬಂದು ಕಾರಿನ ಎಡ ಮುಂಚಕ್ರಕ್ಕೂ ಬಾಗಿಲಿಗೂ ನಡುವೆ ಅಪ್ಪಳಿಸುತ್ತದೆ. ಎಂಟನೇ ಸೆಕೆಂಡಿಗೆ ಆ ಹೆಣ್ಣುಮಗಳು ನೆಲದ ಮೇಲಿದ್ದಾರೆ.

ಸ್ಕೂಟರಿನ ವೇಗವನ್ನು ಬಸ್ಸಿನ ಉದ್ದದಿಂದಲೇ ಲೆಕ್ಕ ಹಾಕಬಹುದು. ಸುಮಾರು 11 ಮೀಟರ್ ಉದ್ದದ ಬಸ್ಸನ್ನು ಅದು 1.3 ಸೆಕೆಂಡಿನಲ್ಲಿ ದಾಟಿದೆ. ಎಂದರೆ ಗಂಟೆಗೆ 30 ಕಿ.ಮೀ. ಆಸುಪಾಸು, ಸೆಕೆಂಡಿಗೆ 8 ಮೀಟರಿಗಿಂತ ತುಸು ಹೆಚ್ಚು. ಆ ರಸ್ತೆಯಲ್ಲಿ ಯಾರೂ ಅದನ್ನು ಅತಿವೇಗ ಎನ್ನುವುದಿಲ್ಲ. ಕಾರಿನ ಮೂತಿ ಕಾಣಿಸಿದಾಗ ಅವರು ಏಳೆಂಟು ಮೀಟರ್ ದೂರದಲ್ಲಿದ್ದರು, ಬಸ್ಸಿನ ನಡುಭಾಗವನ್ನು ಹಾದು ಬರುತ್ತಿದ್ದರು. ಕಂಡದ್ದನ್ನು ಗ್ರಹಿಸಿ ಬ್ರೇಕ್ ಹಿಡಿಯಲು ಮನುಷ್ಯನಿಗೆ ಒಂದರಿಂದ ಒಂದೂವರೆ ಸೆಕೆಂಡ್ ಬೇಕು. ಅಷ್ಟರೊಳಗೆ ಎಂಟು ಮೀಟರ್ ಮುಗಿದೇ ಹೋಗಿರುತ್ತದೆ. ಸಾಲದ್ದಕ್ಕೆ ಬೆಂಗಳೂರು ದಿಕ್ಕಿಗೆ ಹೋಗುವವರಿಗೆ ಆ ಹೊತ್ತಿನಲ್ಲಿ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆ. ಅವರು ಬ್ರೇಕ್ ಮುಟ್ಟಿದ ಗುರುತು ರಸ್ತೆಯ ಮೇಲೆ ಇರಲಿಲ್ಲ. ಮುಟ್ಟಲು ಸಮಯವೇ ಇರಲಿಲ್ಲ.

ಹುಡುಗ ಪದೇ ಪದೇ ಕೇಳಿದ್ದು ಒಂದೇ ಮಾತು. "ಸರ್, ನಾನು ಎಡಕ್ಕೆ ನೋಡಿದೆ. ನಿಜವಾಗಿ ನೋಡಿದೆ. ಯಾರೂ ಇರಲಿಲ್ಲ."

ಅವನು ಸುಳ್ಳು ಹೇಳುತ್ತಿರಲಿಲ್ಲ. ನೋಡಿದ್ದ. ಆದರೆ ನೋಡಿದ್ದು ಬಸ್ಸನ್ನು.

ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಅವನಿಗೆ ನಾಟುವುದಿಲ್ಲ ಎಂದು ಗೊತ್ತಿತ್ತು. ಒಂದು ಭಾನುವಾರ ಪರಿಚಯದ ಶಾಲಾ ಬಸ್ಸಿನ ಚಾಲಕರನ್ನು ಕೇಳಿಕೊಂಡು, ಬಸ್ಸನ್ನು ಖಾಲಿ ಮೈದಾನಕ್ಕೆ ತರಿಸಿದೆ. ವಿಭಜಕದ ಅಂಚನ್ನು, ಎರಡು ಸಾಲುಗಳನ್ನು ಸುಣ್ಣದ ಪುಡಿಯಲ್ಲಿ ಗೆರೆ ಎಳೆದೆ. ಬಸ್ಸಿನ ಎಡಬದಿಯಲ್ಲಿ, ಹಿಂಭಾಗದ ಹತ್ತಿರ, ನನ್ನ ಸ್ಕೂಟರನ್ನು ನಿಲ್ಲಿಸಿದೆ. ಹುಡುಗನನ್ನು ನನ್ನ ತರಬೇತಿ ಕಾರಿನಲ್ಲಿ ಕೂರಿಸಿ ಹೇಳಿದೆ: "ನಿಧಾನವಾಗಿ ಬಾ. ಸ್ಕೂಟರ್ ಕಂಡ ಕೂಡಲೇ ನಿಲ್ಲಿಸು."

ಅವನು ನಿಲ್ಲಿಸಿದಾಗ ಬಂಪರ್ ಬಸ್ಸಿನ ಮೂಲೆಯಿಂದ ಆಚೆಗೆ ಎಷ್ಟು ಬಂದಿದೆ ಎಂದು ಟೇಪು ಹಿಡಿದು ಅಳೆದೆವು. ಎರಡು ಮೀಟರ್! ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಸಣ್ಣ ಕಾರಿನಲ್ಲಿಯೂ ಚಾಲಕನ ಕಣ್ಣು ಬಂಪರಿಗಿಂತ ಎರಡು ಮೀಟರಿನಷ್ಟು ಹಿಂದಿರುತ್ತದೆ. ಕಣ್ಣು ಬಸ್ಸಿನ ಅಂಚನ್ನು ದಾಟಿದ ಮೇಲೆಯೇ ಆಚೆ ಬದಿ ಕಾಣುವುದು. ಅಷ್ಟರಲ್ಲಿ ಕಾರಿನ ಮೂತಿ ಮುಂದಿನ ಸಾಲಿನ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಆಕ್ರಮಿಸಿರುತ್ತದೆ. ಮುಂಗನ್ನಡಿಯ ಎಡಗಂಬವೂ ಅದೇ ದಿಕ್ಕಿನಲ್ಲಿ ಅಡ್ಡ ಬರುತ್ತದೆ. ಅದರ ಹಿಂದೆ ಒಂದು ಸ್ಕೂಟರ್ ಪೂರ್ತಿಯಾಗಿ ಮರೆಯಾಗಬಲ್ಲದು.

ಅಪಘಾತದ ದಿನದ ಲೆಕ್ಕವನ್ನು ಇದಕ್ಕೆ ಹೊಂದಿಸಿ ನೋಡಿದೆ. ಕಾರು ಗಂಟೆಗೆ ಸುಮಾರು 9 ಕಿ.ಮೀ. ವೇಗದಲ್ಲಿತ್ತು. ಎರಡು ಮೀಟರ್ ಹೊರಬರಲು ಅದಕ್ಕೆ ಮುಕ್ಕಾಲು ಸೆಕೆಂಡ್ ಬೇಕು. ಡಿಕ್ಕಿಯಾದದ್ದು ಮೂತಿ ಕಾಣಿಸಿ ಒಂದು ಸೆಕೆಂಡಿನೊಳಗೆ. ಎಂದರೆ ಸ್ಕೂಟರನ್ನು ನೋಡುವ ಅವಕಾಶ ಹುಡುಗನಿಗೆ ಸಿಕ್ಕಿದ್ದು ಕೊನೆಯ ಕಾಲು ಸೆಕೆಂಡಿನಲ್ಲಿ ಮಾತ್ರ. ಆ ಹೊತ್ತಿಗೆ ಯಾವ ಚಾಲಕನೂ ಏನೂ ಮಾಡಲಾರ, ಹದಿನೇಳು ವರ್ಷ ಕಲಿಸಿದವನೂ ಮಾಡಲಾರ. ಅಪಘಾತವನ್ನು ತಪ್ಪಿಸಬಹುದಾಗಿದ್ದ ಕ್ಷಣ ಅದಲ್ಲ, ನಾಲ್ಕನೇ ಸೆಕೆಂಡ್, ಕಾರು ಕದಲಿದ ಕ್ಷಣ.

ದಾರಿ ಯಾರದು?

ಹುಡುಗನ ತಂದೆ ಪೊಲೀಸ್ ಠಾಣೆಯ ಹೊರಗೆ ನನ್ನನ್ನು ಕೇಳಿದರು. "ಬಸ್ಸಿನವರು ಹೋಗು ಎಂದ ಮೇಲೆ ಇವನದೇನು ತಪ್ಪು? ಆಯಮ್ಮನೇ ಎಡಗಡೆಯಿಂದ ನುಗ್ಗಿದ್ದಲ್ಲವೇ?" ಬಹಳ ಜನ ಇದೇ ರೀತಿ ಯೋಚಿಸುತ್ತಾರೆ. ಆದ್ದರಿಂದ ಇದಕ್ಕೆ ಸಮಾಧಾನವಾಗಿ ಉತ್ತರ ಹೇಳಬೇಕು.

ನಮ್ಮ ದೇಶದಲ್ಲಿ ರಸ್ತೆಯ ಮೇಲಿನ ನಡವಳಿಕೆಗೆ 1989ರ ನಿಯಮಗಳಿದ್ದವು. ಅವುಗಳ ಜಾಗಕ್ಕೆ 2017ರಲ್ಲಿ ಮೋಟಾರು ವಾಹನ ಚಾಲನಾ ನಿಯಮಾವಳಿ ಬಂದಿತು. ಕೂಡುರಸ್ತೆಯ ವಿಚಾರದಲ್ಲಿ ಇವು ಹೇಳುವುದು ಹೆಚ್ಚಾಗಿ "ಯಾರು ದಾರಿ ಬಿಡಬೇಕು" ಎಂಬುದನ್ನು. ಸಿಗ್ನಲ್ ಇಲ್ಲದ ಕಡೆ ಪ್ರಧಾನ ರಸ್ತೆಗೆ ಸೇರುವವನು ಆ ರಸ್ತೆಯಲ್ಲಿ ಹೋಗುತ್ತಿರುವವರಿಗೆ ದಾರಿ ಬಿಡಬೇಕು. ಯಾವುದೂ ಪ್ರಧಾನವಲ್ಲದಿದ್ದರೆ ತನ್ನ ಬಲಗಡೆಯಿಂದ ಬರುವವರಿಗೆ ಬಿಡಬೇಕು. ವೃತ್ತಕ್ಕೆ ಪ್ರವೇಶಿಸುವವನು ಆಗಲೇ ಅದರೊಳಗೆ ಸುತ್ತುತ್ತಿರುವವರಿಗೆ ಬಿಡಬೇಕು. ಎದುರು ಸಾಲನ್ನು ಕತ್ತರಿಸಿ ಬಲಕ್ಕೆ ತಿರುಗುವವನು ನೇರವಾಗಿ ಬರುತ್ತಿರುವವರಿಗೆ ಬಿಡಬೇಕು. ಹುಡುಗನಿಗೆ ಅನ್ವಯಿಸುವುದು ಈ ಕೊನೆಯದು.

ಇಲ್ಲಿ ಬರುತ್ತಿದ್ದವರು ಎಷ್ಟು ಜನ? ಬಸ್ಸು ಒಂದು, ಸ್ಕೂಟರ್ ಒಂದು. ಹುಡುಗ ಇಬ್ಬರಿಗೂ ಪ್ರತ್ಯೇಕವಾಗಿ ದಾರಿ ಬಿಡಬೇಕಾಗಿತ್ತು. ಬಸ್ ಚಾಲಕರು ತಮ್ಮ ಪಾಲಿನ ದಾರಿಯನ್ನು ಬಿಟ್ಟುಕೊಟ್ಟರು. ಅದು ಅವರ ದೊಡ್ಡತನ. ಆದರೆ ಪಕ್ಕದ ಸಾಲು ಅವರದ್ದಲ್ಲ, ಅದನ್ನು ಬಿಟ್ಟುಕೊಡಲು ಅವರಿಗೆ ಅಧಿಕಾರವಿಲ್ಲ. ನಮ್ಮ ಹೊಲದ ಬದುವಿನ ಮೇಲೆ ನಡೆಯಲು ನಾವು ಒಪ್ಪಬಹುದು, ಪಕ್ಕದ ಹೊಲದವರ ಪರವಾಗಿ ಒಪ್ಪಲಾರೆವು. ಪೊಲೀಸರು ಕೈ ತೋರಿಸಿದರೆ ಮಾತು ಬೇರೆ, ಅವರು ಎಲ್ಲ ಸಾಲುಗಳನ್ನೂ ನಿಲ್ಲಿಸಿ ಕೈ ತೋರಿಸುತ್ತಾರೆ, ಅದಕ್ಕೆ ಕಾನೂನಿನ ಬಲವಿದೆ. ಇನ್ನೊಬ್ಬ ಚಾಲಕನ ಕೈಗೆ ಆ ಬಲವಿಲ್ಲ.

ಹೆಡ್‌ಲೈಟ್ ಮಿನುಗಿಸುವುದಕ್ಕೂ ಇದೇ ಮಾತು. ಒಬ್ಬರು ಅದರಿಂದ "ನೀನು ಹೋಗು" ಎನ್ನುತ್ತಾರೆ, ಇನ್ನೊಬ್ಬರು "ನಾನು ಬರುತ್ತಿದ್ದೇನೆ, ನಿಲ್ಲು" ಎನ್ನುತ್ತಾರೆ. ನಮ್ಮ ಕಡೆ ಎರಡನೇ ಅರ್ಥವೇ ಹೆಚ್ಚು. ಅದನ್ನು ಅನುಮತಿ ಎಂದು ಓದಿ ಹೊರಟವರನ್ನು ನಾನು ಬಲ್ಲೆ.

ಆ ಹೆಣ್ಣುಮಗಳದ್ದು ಏನೂ ತಪ್ಪಿರಲಿಲ್ಲವೇ? ತಂದೆಯ ಪ್ರಶ್ನೆಯ ಎರಡನೇ ಭಾಗ ಇದು. ಕೂಡುರಸ್ತೆ ಸಮೀಪಿಸುವಾಗ ವೇಗ ತಗ್ಗಿಸಬೇಕೆಂಬ ಕರ್ತವ್ಯ ನೇರ ಹೋಗುವವರಿಗೂ ಇದೆ. ದೊಡ್ಡ ವಾಹನವೊಂದು ಬಿಡುವಿನ ಮುಂದೆ ಕಾರಣವಿಲ್ಲದೆ ನಿಂತಂತೆ ಕಂಡರೆ, ಅದು ಯಾರಿಗೋ ದಾರಿ ಬಿಡುತ್ತಿದೆ ಎಂದು ಊಹಿಸುವುದು ಅನುಭವಸ್ಥರ ಲಕ್ಷಣ. ಕಾರಿರಲಿ, ನಡೆದು ದಾಟುವ ಶಾಲಾ ಮಗುವೂ ಅಲ್ಲಿರಬಹುದು. ಹಾಗೆಂದು ತನ್ನದೇ ಸಾಲಿನಲ್ಲಿ 30ರ ವೇಗದಲ್ಲಿ ಬರುತ್ತಿದ್ದವರನ್ನು ನುಗ್ಗಿದರು ಎನ್ನಲಾಗದು. ಹೊಣೆಯಲ್ಲಿ ಸ್ವಲ್ಪ ಪಾಲು ಅವರಿಗೂ ಬೀಳುತ್ತದೆಯೇ ಎಂಬುದನ್ನು ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿ ತೀರ್ಮಾನಿಸಬೇಕು. ವಿಮಾ ಕಂಪನಿಯ ವಕೀಲರು ಆ ವಾದ ಹೂಡಿದ್ದಾರೆ, ಪ್ರಕರಣ ಇನ್ನೂ ನಡೆಯುತ್ತಿದೆ. ಹಾಗೆ ಪಾಲು ಬಿದ್ದರೂ ಅವರ ಪರಿಹಾರದ ಮೊತ್ತ ಅಷ್ಟು ಕಡಿಮೆಯಾಗುತ್ತದೆಯೇ ಹೊರತು ಹುಡುಗನ ಹೊಣೆ ಅಳಿಸಿಹೋಗುವುದಿಲ್ಲ.

ಡಿಕ್ಕಿಯ ನಂತರ

ಜನ ಸೇರಿದರು. ಯಾರೋ ಕಾರಿನ ಬಾಗಿಲು ಬಡಿದರು. ಹುಡುಗನಿಗೆ ಓಡಿಹೋಗಬೇಕೆನಿಸಿತಂತೆ, ಅದನ್ನು ಅವನೇ ನನಗೆ ಹೇಳಿದ. ಓಡಲಿಲ್ಲ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೆ ಆ ಹೆಣ್ಣುಮಗಳ ಪಕ್ಕದಲ್ಲಿ ಕುಳಿತ. ಗಾಯಾಳುವಿಗೆ ಚಿಕಿತ್ಸೆ ಸಿಗುವಂತೆ ಮಾಡಿ ಪೊಲೀಸರಿಗೆ ತಿಳಿಸುವುದು ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಚಾಲಕನ ಕರ್ತವ್ಯ ಎಂದು ಅವನಿಗೆ ಆಗ ನೆನಪಿರಲಿಲ್ಲ. "ಅಕ್ಕ ಅಳುತ್ತಿದ್ದರು ಸರ್, ಬಿಟ್ಟು ಹೋಗಲು ಆಗಲಿಲ್ಲ," ಎಂದ. ಅವರು ಹೆಲ್ಮೆಟ್ ಹಾಕಿದ್ದರು. ಅದರ ಎಡಭಾಗದಲ್ಲಿ ಬಿದ್ದ ಗೀರನ್ನು ನೋಡಿದರೆ ಇಂದಿಗೂ ನನ್ನ ಎದೆ ಝಲ್ಲೆನ್ನುತ್ತದೆ.

ಮೂಳೆ ಮುರಿತ ಕಾನೂನಿನ ಕಣ್ಣಿನಲ್ಲಿ ತೀವ್ರ ಗಾಯ. ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125ನೇ ಕಲಮುಗಳ ಅಡಿ ಪ್ರಕರಣ ದಾಖಲಾಯಿತು. ಪರವಾನಗಿ ಸರಿಯಾಗಿತ್ತು, ಮೂರನೇ ವ್ಯಕ್ತಿಯ ವಿಮೆ ಚಾಲ್ತಿಯಲ್ಲಿತ್ತು, ಇವೆರಡೇ ಆ ಕುಟುಂಬವನ್ನು ಉಳಿಸಿದವು. ಗಾಯಾಳುವಿನ ಪರಿಹಾರವನ್ನು ವಿಮೆ ಭರಿಸುತ್ತದೆ. ತಮ್ಮ ಕಾರಿನ ರಿಪೇರಿಗೆ ಮಾತ್ರ ತಂದೆ ಕೈಯಿಂದ ಕೊಡಬೇಕಾಯಿತು, ಸ್ವಂತ ಹಾನಿಯ ವಿಮೆಯನ್ನು ಹಿಂದಿನ ವರ್ಷ ಉಳಿತಾಯವೆಂದು ಕೈಬಿಟ್ಟಿದ್ದರು.

ಕಾಗದಗಳ ಮಾತು ಇಷ್ಟೇ. ಆ ಹೆಣ್ಣುಮಗಳ ಮಾತು ಬೇರೆ. ಆರು ವಾರ ಬಲಗೈಗೆ ಪ್ಲಾಸ್ಟರ್. ಅದು ಮದುವೆಗಳ ಕಾಲ, ಒಪ್ಪಿಕೊಂಡಿದ್ದ ರವಿಕೆಗಳ ಬಟ್ಟೆಯನ್ನು ಹೊಲಿಯದೆ ಹಿಂದಿರುಗಿಸಿದರು. ಹುಡುಗ ತಾಯಿಯ ಜೊತೆ ಅವರ ಮನೆಗೆ ಹೋದಾಗ ನಾನೂ ಇದ್ದೆ. ಅವರು ಬೈಯಲಿಲ್ಲ. "ನಿನ್ನ ಕಾರು ಎಲ್ಲಿಂದ ಬಂತು ಎಂದೇ ನನಗೆ ಗೊತ್ತಾಗಲಿಲ್ಲ ತಮ್ಮಾ," ಎಂದರು. "ಬಸ್ಸಿನೊಳಗಿಂದಲೇ ಬಂದಂತಾಯಿತು."

ಆ ಬಸ್ಸಿನ ಚಾಲಕರನ್ನೂ ಹುಡುಕಿ ಮಾತನಾಡಿಸಿದೆ. ಐವತ್ತು ದಾಟಿದವರು, ಒಳ್ಳೆಯ ಮನುಷ್ಯ. ಘಟನೆಯನ್ನು ನೆನೆದು ಅವರ ಮುಖ ಬಾಡಿತು. "ಮೇಷ್ಟ್ರೇ, ಆ ಹುಡುಗ ಪಾಪ ಬಹಳ ಹೊತ್ತಿನಿಂದ ನಿಂತಿದ್ದ. ನನಗೂ ಮುಂದೆ ಹೋಗಲು ಜಾಗವಿರಲಿಲ್ಲ. ಬಿಡೋಣ ಎಂದುಕೊಂಡೆ. ಎಡಗನ್ನಡಿ ನೋಡಲು ಮರೆತೆ." ನೋಡಿದ್ದರೆ ಸ್ಕೂಟರ್ ಕಾಣುತ್ತಿತ್ತು. ಈಗ ಅವರು ಯಾರಿಗೂ ಕೈ ಬೀಸುವುದಿಲ್ಲವಂತೆ. ಬಿಡುವಿನ ಮುಂದೆ ಜಾಗ ಬಿಟ್ಟು ನಿಲ್ಲುತ್ತಾರೆ, ಹೋಗುವುದು ಬಿಡುವುದು ತಿರುಗುವವರಿಗೆ ಬಿಟ್ಟದ್ದು. ಇದು ಸರಿಯಾದ ಕ್ರಮ. ದಾರಿ ಬಿಡಲು ಜಾಗ ಬಿಟ್ಟರೆ ಸಾಕು, ಕೈ ಬೀಸಬೇಕಾಗಿಲ್ಲ.

ನನ್ನ ಪಾಲು

ಆ ವೀಡಿಯೊದಲ್ಲಿ ನನ್ನನ್ನು ನಿದ್ದೆಗೆಡಿಸಿದ್ದು ಡಿಕ್ಕಿಯ ದೃಶ್ಯವಲ್ಲ. ಕೈ ಬೀಸಿದ ಕೂಡಲೇ ಹುಡುಗನ ಕಾರು ಹೊರಟ ರೀತಿ. ಅನುಮಾನವಿಲ್ಲದೆ, ಕಲಿತ ಪಾಠದಂತೆ ಹೊರಟಿತು. ಆ ಪಾಠ ಕಲಿಸಿದವನು ನಾನೇ ಎಂದು ಹೊಳೆಯಲು ಸ್ವಲ್ಪ ದಿನ ಬೇಕಾಯಿತು.

ಲಘು ವಾಹನದ ತರಬೇತಿ ಕನಿಷ್ಠ 21 ದಿನ ಇರಬೇಕು, ಅದರಲ್ಲಿ ಕನಿಷ್ಠ 10 ಗಂಟೆ ನಿಜವಾದ ಚಾಲನೆ ಇರಬೇಕು ಎಂದು ನಿಯಮವಿದೆ. ಆ ಗಂಟೆಗಳಲ್ಲಿ ವಿದ್ಯಾರ್ಥಿ ಪ್ರತಿ ಬಲತಿರುವಿನಲ್ಲಿ ನಿಲ್ಲುತ್ತಾನೆ, ಕ್ಲಚ್ ಹಿಡಿದು ನನ್ನತ್ತ ನೋಡುತ್ತಾನೆ. ನಾನು ಎಡಕ್ಕೆ ಬಲಕ್ಕೆ ನೋಡಿ "ಹೋಗು" ಎನ್ನುತ್ತೇನೆ. ಅವನು ಹೋಗುತ್ತಾನೆ. ನೋಡುವ ಕೆಲಸ ನನ್ನದು, ಕಾಲಿನ ಕೆಲಸ ಅವನದು. ನನ್ನ ಕಾಲಿನ ಬಳಿ ಇನ್ನೊಂದು ಬ್ರೇಕ್ ಇರುವುದರಿಂದ ಇಬ್ಬರಿಗೂ ಧೈರ್ಯ. ಹೀಗೆ ನೂರಾರು ಬಾರಿ "ಹೋಗು" ಕೇಳಿ ಹೊರಟವನಿಗೆ, ಪಕ್ಕದ ಸೀಟು ಖಾಲಿಯಾದ ಮೇಲೆ, ಎದುರಿನ ಬಸ್ಸಿನಿಂದ ಹಿರಿಯರೊಬ್ಬರು "ಹೋಗು" ಎಂದಾಗ ಹೊರಡುವುದು ಸಹಜವಾಗಿ ಕಂಡಿತು. ನಾನು ಕಲಿಸಿದ್ದು ಗೇರು, ಕ್ಲಚ್ಚು, ಸ್ಟೇರಿಂಗು. ಹೊರಡುವ ತೀರ್ಮಾನವನ್ನು ಒಮ್ಮೆಯೂ ಅವನ ಕೈಗೆ ಕೊಟ್ಟಿರಲಿಲ್ಲ. ಇದನ್ನು ಹುಡುಗನ ತಂದೆಗೂ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡರು.

ಈಗ ಕಲಿಸುವ ಕ್ರಮವನ್ನು ಬದಲಿಸಿದ್ದೇನೆ. ಮೂರನೇ ವಾರದಿಂದ ನಾನು "ಹೋಗು" ಎನ್ನುವುದಿಲ್ಲ. ವಿದ್ಯಾರ್ಥಿಯೇ ದಾಟಬೇಕಾದ ಸಾಲುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಹೇಳಬೇಕು: "ಮೊದಲ ಸಾಲು, ಬಸ್ಸು ನಿಂತಿದೆ. ಎರಡನೇ ಸಾಲು, ಕಾಣುತ್ತಿಲ್ಲ." ಕಾಣುತ್ತಿಲ್ಲ ಎಂಬ ಮಾತು ಬಾಯಿಂದ ಬಂದರೆ ಅರ್ಧ ಪಾಠ ಮುಗಿದಂತೆ. ಖಾಲಿ ಇದೆ ಎಂಬುದಕ್ಕೂ ಕಾಣುತ್ತಿಲ್ಲ ಎಂಬುದಕ್ಕೂ ಇರುವ ಅಂತರವನ್ನು ಅಂದು ಆ ಹುಡುಗ ಗುರುತಿಸಲಿಲ್ಲ.

ಕಾಣದಿದ್ದಾಗ ಮಾಡುವ ಕೆಲಸವನ್ನು ಅದೇ ಮೈದಾನದಲ್ಲಿ ಅಭ್ಯಾಸ ಮಾಡಿಸುತ್ತೇನೆ. ಬಂಪರ್ ಬಸ್ಸಿನ ಎಡ ಅಂಚಿಗೆ ಸಮನಾಗಿ ಬಂದ ಕೂಡಲೇ ಕಾರು ಪೂರ್ತಿ ನಿಲ್ಲಬೇಕು. ಅಲ್ಲಿಂದ ಅರ್ಧ ಕ್ಲಚ್ಚಿನಲ್ಲಿ, ಪಾದ ಬ್ರೇಕಿನ ಮೇಲಿಟ್ಟುಕೊಂಡು, ಒಂದು ಗೇಣು ಮುಂದೆ ಬಂದು ನಿಲ್ಲಬೇಕು. ಮತ್ತೆ ಒಂದು ಗೇಣು. ಬೆನ್ನನ್ನು ಸೀಟಿನಿಂದ ಬಿಡಿಸಿ ಎದೆಯನ್ನು ಸ್ಟೇರಿಂಗಿನ ಹತ್ತಿರಕ್ಕೆ ತಂದರೆ ಕಣ್ಣು ಒಂದು ಮೊಳದಷ್ಟು ಮುಂದೆ ಬರುತ್ತದೆ. ಕಾರಿನ ಮೂತಿ ಅಷ್ಟು ಕಡಿಮೆ ಹೊರಬಂದರೆ ಸಾಕಾಗುತ್ತದೆ. ಹೀಗೆ ಮಾಡಿದರೆ ನಾವು ಸ್ಕೂಟರನ್ನು ನೋಡುವ ಮೊದಲೇ ಸ್ಕೂಟರಿನವರು ನಮ್ಮ ಮೂತಿಯನ್ನು ನೋಡಿರುತ್ತಾರೆ. 30ರ ವೇಗದಲ್ಲಿ ಬರುವವರಿಗೆ ಕಂಡು, ಬ್ರೇಕ್ ಹಿಡಿದು, ನಿಲ್ಲಲು ಸುಮಾರು 18 ಮೀಟರ್ ಬೇಕು. ಗೇಣು ಗೇಣಾಗಿ ಬರುವ ಕಾರು ಆ ದೂರವನ್ನು ಅವರಿಗೆ ಕೊಡುತ್ತದೆ. ಸರ‍್ರನೆ ಬರುವ ಕಾರು ಕೊಡುವುದಿಲ್ಲ.

ಈ ಉಪಾಯಕ್ಕೂ ಮಿತಿಯಿದೆ. 50ರ ವೇಗದಲ್ಲಿ ಬರುವ ಮೋಟಾರ್ ಸೈಕಲ್ಲಿಗೆ ನಿಲ್ಲಲು 35 ಮೀಟರಿನಷ್ಟು ಬೇಕಾಗುತ್ತದೆ, ಮಳೆ ಬಿದ್ದ ರಸ್ತೆಯಲ್ಲಿ ಇನ್ನೂ ಹೆಚ್ಚು. ಎಡಗಡೆಯ ಸಾಲಿನಲ್ಲಿ ತಡೆಯಿಲ್ಲದೆ ವಾಹನಗಳು ಜೋರಾಗಿ ಹರಿಯುತ್ತಿರುವ ರಸ್ತೆಯಾದರೆ ಗೇಣು ಗೇಣಾಗಿ ಬರುವುದೂ ಬೇಡ. ಬಸ್ಸಿನವರಿಗೆ ಅಂಗೈ ತೋರಿಸಿ "ನೀವೇ ಹೋಗಿ" ಎನ್ನಬೇಕು, ಬಸ್ಸು ಸರಿದು ಎರಡೂ ಸಾಲು ಕಣ್ಣಿಗೆ ಬೀಳುವವರೆಗೆ ಕಾಯಬೇಕು. ಹಿಂದಿನ ಆಟೊದವರು ಹಾರ್ನ್ ಹೊಡೆಯುತ್ತಾರೆ. ಹೊಡೆಯಲಿ. ಎಡಗಡೆಯಿಂದ ಬರುತ್ತಿರುವುದು ಏನೆಂದು ನಮಗಿಂತ ಹಿಂದಿರುವ ಅವರಿಗೆ ನಮಗಿಂತ ಕಡಿಮೆ ಕಾಣುತ್ತದೆ.

ಅಪಘಾತವಾದ ಮೇಲೆ ಹುಡುಗ ಎರಡು ತಿಂಗಳು ರಸ್ತೆಯಲ್ಲಿ ಕಾರು ಓಡಿಸಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ತಾನೇ ಬಂದು "ಸರ್, ಒಂದು ಸಲ ಜೊತೆಯಲ್ಲಿ ಬನ್ನಿ" ಎಂದ. ಅದೇ ರಸ್ತೆ, ಅದೇ ಬಿಡುವು, ಬೆಳಗಿನ ಅದೇ ಹೊತ್ತು. ನಾನು ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕುಳಿತೆ. ಇದು ಅವನ ಮನೆಯ ಕಾರು, ನನ್ನ ಕಾಲಿನ ಬಳಿ ಬ್ರೇಕ್ ಇರಲಿಲ್ಲ. ಎದುರಿನಿಂದ ಒಂದು ಲಾರಿ ಬಂದು ನಿಂತಿತು. ಚಾಲಕ ದೀಪ ಮಿನುಗಿಸಿದ. ಹಿಂದಿನಿಂದ ಹಾರ್ನ್ ಶುರುವಾಯಿತು.

ಹುಡುಗ ಲಾರಿಯ ಅಂಚಿನವರೆಗೆ ಬಂದು ನಿಲ್ಲಿಸಿದ. ಮುಂದಕ್ಕೆ ಬಾಗಿ ಎಡಕ್ಕೆ ಕತ್ತು ಚಾಚಿದ.

"ಎರಡನೇ ಸಾಲು ಕಾಣುತ್ತಿಲ್ಲ ಸರ್."

ನಾನು ಏನೂ ಹೇಳಲಿಲ್ಲ. ಅವನು ಒಂದು ಗೇಣು ಬಂದ, ನಿಲ್ಲಿಸಿದ. ಇನ್ನೊಂದು ಗೇಣು. ಹಣೆಯ ಮೇಲೆ ಬೆವರು ಮೂಡಿತ್ತು. ಲಾರಿಯವನು ಬೇಸರದಿಂದ ಕೈ ಆಡಿಸಿದ.

"ಈಗ ಕಂಡಿತು," ಎಂದ. "ಖಾಲಿ ಇದೆ."

ಅಡ್ಡರಸ್ತೆಗೆ ಇಳಿದ ಮೇಲೆ ಕಾರನ್ನು ಬದಿಗೆ ನಿಲ್ಲಿಸಿ, ನೀರಿನ ಬಾಟಲಿ ತೆಗೆದು ಅರ್ಧ ಕುಡಿದ. ನಂತರ ಅಜ್ಜಿಯನ್ನು ಕರೆದುಕೊಂಡು ಬರಲು ಹೋದೆವು.